ಮಗಳ ಫೋನಿನ ಆ್ಯಪ್‌ಗಳಿಗೆ ಯಾವ ಅನುಮತಿ ಕೊಡಬೇಕು? ಮಲೆನಾಡಿನ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್‌ಎಸ್‌ಎಲ್‌ಸಿ ಮುಗಿಸಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಪಿಯುಸಿಗೆಂದು ಶಿವಮೊಗ್ಗದ ಹಾಸ್ಟೆಲ್ ಸೇರುವ ಮಕ್ಕಳಲ್ಲಿ ಬಹಳಷ್ಟು ಮಂದಿಯ ಕೈಗೆ ಸ್ವಂತ ಫೋನ್ ಬರುವುದು ಆಗಲೇ. ಈ ಬರಹ ಅಂಥ ಮಕ್ಕಳ ತಂದೆತಾಯಿಗಾಗಿ. ಹೆಚ್ಚಿನ ಮನೆಗಳಲ್ಲಿರುವುದು ಆಂಡ್ರಾಯ್ಡ್ ಫೋನ್ ಆದ್ದರಿಂದ ವಿವರಣೆಯೂ ಅದರದ್ದೇ. ಐಫೋನ್ ಬಗ್ಗೆ ಕೊನೆಯ ಭಾಗದಲ್ಲಿ ಸ್ವಲ್ಪ ಹೇಳಿದ್ದೇನೆ. ಪರದೆಯ ಮೇಲಿನ ಪದಗಳನ್ನು ಇಂಗ್ಲಿಷ್‌ನಲ್ಲಿ ಕಾಣುವ ಹಾಗೆಯೇ ಕೊಟ್ಟಿದ್ದೇನೆ, ಹುಡುಕುವುದು ಸುಲಭವಾಗಲಿ ಎಂದು.

ಲೊಕೇಶನ್, ಮೈಕ್, ಕಾಂಟ್ಯಾಕ್ಟ್ಸ್: ಈ ಮೂರರಲ್ಲಿ ಮೊದಲು ಯಾವುದರ ಮೇಲೆ ಕಣ್ಣಿಡಬೇಕು?

ಕಾಂಟ್ಯಾಕ್ಟ್ಸ್ ಮೇಲೆ. ಪೋಷಕರಿಗೆ ಹೆಚ್ಚು ಭಯವಿರುವುದು ಲೊಕೇಶನ್ ಮತ್ತು ಮೈಕ್ ಬಗ್ಗೆ ಎಂದು ಗೊತ್ತು. ಆದರೆ ಆ ಎರಡು ಅನುಮತಿಗಳನ್ನು ಇವತ್ತು ಹಿಂದಕ್ಕೆ ಪಡೆದರೆ ನಾಳೆಯಿಂದ ಆ್ಯಪ್‌ಗೆ ಹೊಸದೇನೂ ಸಿಗುವುದಿಲ್ಲ. ನಿನ್ನೆ ಮಗಳು ಎಲ್ಲಿದ್ದಳು ಎಂಬುದು ಹಳತಾಗುತ್ತದೆ, ನಾಳೆ ಎಲ್ಲಿರುತ್ತಾಳೆ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ನಂಬರುಗಳ ಪಟ್ಟಿ ಹಾಗಲ್ಲ. "Allow" ಒತ್ತಿದ ಕೆಲವೇ ಕ್ಷಣಗಳಲ್ಲಿ ಇಡೀ ಪಟ್ಟಿ ಕಂಪನಿಯ ಸರ್ವರ್‌ಗೆ ನಕಲಾಗಬಹುದು, ಮತ್ತು ಅದು ವರ್ಷಗಳ ನಂತರವೂ ಕೆಲಸಕ್ಕೆ ಬರುತ್ತದೆ. ನಾವು ಯಾರೂ ಪದೇ ಪದೇ ನಂಬರ್ ಬದಲಿಸುವುದಿಲ್ಲವಲ್ಲ. ಇನ್ನೊಂದು ಮಾತು: ಲೊಕೇಶನ್ ಮಗಳದ್ದು, ಮೈಕ್‌ನಲ್ಲಿ ಕೇಳುವ ಧ್ವನಿ ಅವಳದ್ದು ಮತ್ತು ಅವಳ ಪಕ್ಕದಲ್ಲಿರುವವರದ್ದು. ಪಟ್ಟಿಯಲ್ಲಿರುವುದು ಮಾತ್ರ ಅನುಮತಿ ಕೇಳದೆ ಕೊಟ್ಟುಬಿಟ್ಟ ಬೇರೆಯವರ ಹೆಸರುಗಳು.

ಬರೀ ಹೆಸರು, ನಂಬರ್ ತಾನೆ? ಅದರಿಂದ ಏನಾಗುತ್ತದೆ?

ನಿಮ್ಮದೇ ಫೋನ್ ತೆರೆದು ಪಟ್ಟಿಯನ್ನು ಒಮ್ಮೆ ಅಪರಿಚಿತರ ಕಣ್ಣಿನಿಂದ ನೋಡಿ. "ಅಮ್ಮ", "ದೊಡ್ಡಪ್ಪ ಸಾಗರ", "ಅತ್ತಿಗೆ ಬೆಂಗಳೂರು" ಎಂದು ಸಂಬಂಧವೂ ಊರೂ ಒಟ್ಟಿಗೇ ಬರೆದಿರುತ್ತೇವೆ. "ಅಡಿಕೆ ಮಂಡಿ", "ಕೊನೆಗಾರ", "ಸೊಸೈಟಿ ಸೆಕ್ರೆಟರಿ" ಎಂದಿದ್ದರೆ ಮನೆಯ ಆದಾಯ ಎಲ್ಲಿಂದ ಬರುತ್ತದೆ, ವ್ಯವಹಾರ ಎಲ್ಲಿದೆ ಎಂದು ತಿಳಿಯಿತು. ಮಗುವಿನ ವೈದ್ಯರ ಹೆಸರಿದ್ದರೆ ಕಾಯಿಲೆಯ ಸುಳಿವೂ ಸಿಕ್ಕಿತು. "ನಿಮ್ಮ ದೊಡ್ಡಪ್ಪ ಹೇಳಿದರು, ಅದಕ್ಕೇ ಕರೆ ಮಾಡುತ್ತಿದ್ದೇನೆ" ಎಂದು ವಂಚಕ ಮಾತು ಶುರು ಮಾಡಲು ಇಷ್ಟು ಸಾಕು.

ಮರೆತುಹೋಗಬಾರದೆಂದು ಎಟಿಎಂ ಪಿನ್ ಅಥವಾ ಆಧಾರ್ ಸಂಖ್ಯೆಯನ್ನು ಒಂದು ಹೆಸರಿನಡಿ ನಂಬರಿನಂತೆ ಉಳಿಸಿಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಕಾಂಟ್ಯಾಕ್ಟ್ಸ್ ಅನುಮತಿ ಪಡೆದ ಪ್ರತಿ ಆ್ಯಪ್ ಅದನ್ನೂ ಓದಬಲ್ಲದು. ಅಂಥದ್ದೇನಾದರೂ ಇದ್ದರೆ ಮುಂದೆ ಓದುವ ಮೊದಲೇ ಅಳಿಸಿ, ಪಿನ್ ಬದಲಿಸಿ.

ಮಗಳ ಫೋನ್ ಹೊಸದು. ಅದರಲ್ಲಿ ಹತ್ತು ನಂಬರ್ ಕೂಡ ಇಲ್ಲ. ಕೊಟ್ಟರೆ ನಷ್ಟವೇನು?

ನಿಜವಾಗಿ ಹತ್ತೇ ಇವೆಯೇ ಎಂದು ತೆರೆದು ನೋಡಿ. ಹೊಸ ಫೋನ್ ಶುರು ಮಾಡುವಾಗ ಗೂಗಲ್ ಖಾತೆ ಕೇಳುತ್ತದೆ. ಅಂಗಡಿಯಲ್ಲಿ ನಿಂತು ಅವಸರದಲ್ಲಿ ಅಪ್ಪನ ಖಾತೆಯನ್ನೇ ಹಾಕಿಬಿಡುತ್ತಾರೆ. ಆ ಖಾತೆಯಲ್ಲಿ ನಂಬರುಗಳು ಉಳಿದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಅಪ್ಪನ ಅಷ್ಟೂ ನಂಬರುಗಳು ಮಗಳ ಫೋನಿಗೆ ಇಳಿಯುತ್ತವೆ. ಅವಳು ಹಾಕಿಕೊಂಡ ಫೋಟೊ ತಿದ್ದುವ ಆ್ಯಪ್ ಅನುಮತಿ ಕೇಳಿದಾಗ ಹೋಗುವುದು ಅವಳ ಗೆಳತಿಯರ ನಂಬರ್ ಅಷ್ಟೇ ಅಲ್ಲ, ನಿಮ್ಮ ಮಂಡಿಯವರದ್ದೂ ಕೂಡ.

ಸರಿಯಾದ ಪರಿಹಾರವೆಂದರೆ ಅವಳಿಗೆ ಅವಳದೇ ಖಾತೆ ಮಾಡಿಕೊಡುವುದು, ಅದರಲ್ಲಿ ನಿಜವಾದ ಹುಟ್ಟಿದ ದಿನಾಂಕವನ್ನೇ ಹಾಕುವುದು. ವಯಸ್ಸು ಹೆಚ್ಚು ತೋರಿಸಿದರೆ ಚಿಕ್ಕವರಿಗಾಗಿ ಇರುವ ರಕ್ಷಣೆಗಳು ಅವಳಿಗೆ ಅನ್ವಯಿಸುವುದಿಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಸದ್ಯಕ್ಕೆ ಅಪ್ಪನ ಖಾತೆಯೇ ಇರಲಿ ಎನ್ನುವುದಾದರೆ, ಸೆಟ್ಟಿಂಗ್ಸ್‌ನಲ್ಲಿ ಖಾತೆಗಳ ಭಾಗಕ್ಕೆ ಹೋಗಿ, ಆ ಗೂಗಲ್ ಖಾತೆಯನ್ನು ಒತ್ತಿ, "Account sync" ಒಳಗೆ "Contacts" ಮಾತ್ರ ಆಫ್ ಮಾಡಿ. ಆಮೇಲೆ ಕಾಂಟ್ಯಾಕ್ಟ್ಸ್ ತೆರೆದು ಹಳೆಯ ಪಟ್ಟಿ ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅಲ್ಲಿಯೇ ಕೂತು ಒಂದೊಂದಾಗಿ ನಂಬರ್ ಅಳಿಸಬೇಡಿ. ಖಾತೆ ಮತ್ತು ಫೋನಿನ ಪಟ್ಟಿಗಳನ್ನು ಒಂದೇ ಆಗಿಡುವ ಸಿಂಕ್ ಚಾಲೂ ಇದ್ದರೆ ಅಪ್ಪನ ಫೋನಿನಿಂದಲೂ ಅವು ಅಳಿಸಿಹೋಗುತ್ತವೆ.

ಕಾಂಟ್ಯಾಕ್ಟ್ಸ್ ಕೊಡದಿದ್ದರೆ ವಾಟ್ಸ್‌ಆ್ಯಪ್ ನಿಂತುಹೋಗುವುದಿಲ್ಲವೇ?

ನಿಲ್ಲುವುದಿಲ್ಲ, ಆದರೆ ಹೆಸರಿನ ಜಾಗದಲ್ಲಿ ನಂಬರುಗಳು ಕಾಣಿಸಿ ದಿನಬಳಕೆಗೆ ತೊಡಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ವಾಟ್ಸ್‌ಆ್ಯಪ್‌ನಂಥ ಒಂದು ಸಂದೇಶದ ಆ್ಯಪ್‌ಗೆ, ಮತ್ತು ಫೋನಿನದೇ ಕರೆ ಮಾಡುವ ಆ್ಯಪ್‌ಗೆ ಕೊಡಿ. ಅಲ್ಲಿಗೆ ನಿಲ್ಲಿಸಿ. ಹಣ ಕಳಿಸುವ ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ಇಲ್ಲದಿದ್ದರೆ ನಂಬರ್ ಟೈಪ್ ಮಾಡಬಹುದು, ಇಲ್ಲವೇ ಕ್ಯೂಆರ್ ಸ್ಕ್ಯಾನ್ ಮಾಡಬಹುದು. ಗೆಳೆಯರನ್ನು ಹುಡುಕಿಕೊಡುತ್ತೇವೆ ಎನ್ನುವ ಸಾಮಾಜಿಕ ಜಾಲತಾಣಗಳಿಗೆ, ಆಟಗಳಿಗೆ, ಕೀಬೋರ್ಡ್‌ಗೆ, ಕಾಲೇಜಿನ ಆ್ಯಪ್‌ಗೆ ಇದರ ಅಗತ್ಯವೇ ಇಲ್ಲ.

ಹಿಂದೆ ಎಲ್ಲದಕ್ಕೂ ಕೊಟ್ಟಾಗಿದೆ. ಈಗ ತೆಗೆದರೆ ಸಾಕೇ?

ತೆಗೆಯಿರಿ, ಆದರೆ ಅಷ್ಟರಿಂದ ಹಳೆಯ ನಕಲು ಮರಳಿ ಬರುವುದಿಲ್ಲ. ಆ್ಯಪ್ ಅಳಿಸಿದರೂ ಅಷ್ಟೇ. ಆದ್ದರಿಂದ ಕ್ರಮ ಹೀಗಿರಲಿ: ಆ್ಯಪ್ ಅಳಿಸುವ ಮೊದಲು ಅದರ ಒಳಗಿನ ಸೆಟ್ಟಿಂಗ್ಸ್ ನೋಡಿ. ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿ ಅಪ್‌ಲೋಡ್ ಆದ ಕಾಂಟ್ಯಾಕ್ಟ್ಸ್ ಅಳಿಸುವ ಅವಕಾಶ ಇರುತ್ತದೆ. ಮೊದಲು ಅಲ್ಲಿ ಸಿಂಕ್ ನಿಲ್ಲಿಸಿ, ಅಪ್‌ಲೋಡ್ ಆದದ್ದನ್ನು ಅಳಿಸಿ, ಖಾತೆ ಬೇಡವಾಗಿದ್ದರೆ ಖಾತೆಯನ್ನೂ ಮುಚ್ಚಿ, ನಂತರ ಫೋನಿನ ಅನುಮತಿ ತೆಗೆದು, ಕೊನೆಗೆ ಆ್ಯಪ್ ತೆಗೆಯಿರಿ. ಮೊದಲೇ ಆ್ಯಪ್ ಕಿತ್ತುಹಾಕಿದರೆ ಅದರ ಒಳಗಿನ ಸೆಟ್ಟಿಂಗ್ಸ್‌ಗಾಗಿ ಮತ್ತೆ ಹಾಕಿಕೊಳ್ಳಬೇಕಾಗುತ್ತದೆ.

ಸಾಲದ ಆ್ಯಪ್ ಒಂದು ಕಾಂಟ್ಯಾಕ್ಟ್ಸ್ ಕೊಡದೆ ಮುಂದೆ ಹೋಗುವುದೇ ಇಲ್ಲ ಎನ್ನುತ್ತಿದೆ. ಅದು ಸರಿಯೇ?

ಸರಿಯಲ್ಲ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮಗಳ ಪ್ರಕಾರ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಕರೆಗಳ ಪಟ್ಟಿ, ಫೈಲ್‌ಗಳಿಗೆ ಕೈ ಹಾಕುವಂತಿಲ್ಲ. ಗ್ರಾಹಕರ ಗುರುತು ಪರಿಶೀಲನೆಗಾಗಿ ಕ್ಯಾಮೆರಾ, ಮೈಕ್, ಲೊಕೇಶನ್‌ಗಳನ್ನು ಒಪ್ಪಿಗೆ ಪಡೆದು ಒಂದು ಬಾರಿ ಬಳಸಲು ಮಾತ್ರ ಅವಕಾಶವಿದೆ. ಗೂಗಲ್ ಪ್ಲೇ ಕೂಡ 2023ರಿಂದ ವೈಯಕ್ತಿಕ ಸಾಲದ ಆ್ಯಪ್‌ಗಳಿಗೆ ಕಾಂಟ್ಯಾಕ್ಟ್ಸ್ ಮತ್ತು ಫೋಟೊ ಕೇಳುವುದನ್ನು ನಿಷೇಧಿಸಿದೆ. ಹಾಗಾಗಿ ಯಾವುದಾದರೂ ಸಾಲದ ಆ್ಯಪ್ ಈ ಪಟ್ಟಿಯನ್ನು ಕೇಳಿದರೆ, ಅದು ನಿಯಮ ಮೀರಿದ ಆ್ಯಪ್ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿ ಹಾಕಿಕೊಂಡವು ಹೆಚ್ಚಾಗಿ ಇಂಥವೇ. ಸಾಲ ಕಟ್ಟುವುದು ತಡವಾದಾಗ, ಕೆಲವೊಮ್ಮೆ ಕಟ್ಟಿದ ಮೇಲೂ, ಪಟ್ಟಿಯಲ್ಲಿರುವ ನೆಂಟರಿಗೆಲ್ಲ ಕರೆ ಮಾಡಿ ಮಾನ ಕಳೆಯುವುದೇ ಅವರ ವಸೂಲಿ ದಾರಿ.

ಹಾಸ್ಟೆಲ್ ಮಕ್ಕಳು ಸಣ್ಣ ಮೊತ್ತಕ್ಕೆ ಇದರಲ್ಲಿ ಸಿಕ್ಕಿಬೀಳುತ್ತಾರೆ ಮತ್ತು ಮನೆಯಲ್ಲಿ ಹೇಳಲು ಹೆದರುತ್ತಾರೆ. ಬೆದರಿಕೆ ಬಂದಿದ್ದರೆ ಕರೆಗಳ, ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಅಥವಾ cybercrime.gov.in ನಲ್ಲಿ ದೂರು ದಾಖಲಿಸಿ. ನೆಂಟರಿಗೆ ನೀವೇ ಮೊದಲು ವಿಷಯ ತಿಳಿಸಿಬಿಟ್ಟರೆ ಆ ಬೆದರಿಕೆಯ ಬಲ ಅರ್ಧ ಕುಗ್ಗುತ್ತದೆ. ದಯವಿಟ್ಟು ಆ ಹೊತ್ತಿನಲ್ಲಿ ಮಗುವನ್ನು ಬಯ್ಯಬೇಡಿ. ಮುಂದಿನ ಬಾರಿ ಅದು ನಿಮಗೆ ಹೇಳಬೇಕಲ್ಲ.

ಲೊಕೇಶನ್ ಕೇಳಿದಾಗ ಇಷ್ಟೊಂದು ಆಯ್ಕೆಗಳು ಏಕೆ?

"Only this time" ಎಂದರೆ ಈ ಸಲಕ್ಕೆ ಮಾತ್ರ. ಆ್ಯಪ್ ಮುಚ್ಚಿದ ಸ್ವಲ್ಪ ಹೊತ್ತಿನಲ್ಲಿ ಅನುಮತಿ ತಾನಾಗಿ ಹೋಗುತ್ತದೆ. "While using the app" ಎಂದರೆ ಆ್ಯಪ್ ಕಣ್ಣೆದುರು ತೆರೆದಿರುವಾಗ, ಅಥವಾ ಅದು ಕೆಲಸ ಮಾಡುತ್ತಿದೆ ಎಂದು ನೋಟಿಫಿಕೇಶನ್ ತೋರಿಸುತ್ತಿರುವಾಗ. "Allow all the time" ಎಂದರೆ ಫೋನ್ ಜೇಬಿನಲ್ಲಿ ನಿದ್ದೆ ಮಾಡುತ್ತಿರುವಾಗಲೂ.

ಕೊನೆಯದರ ಬಗ್ಗೆ ಒಂದು ಗುರುತು ಹೇಳುತ್ತೇನೆ. ಆಂಡ್ರಾಯ್ಡ್ 11ರಿಂದ ಈಚೆಗೆ ಅನುಮತಿ ಕೇಳುವ ಪುಟ್ಟ ಕಿಟಕಿಯಲ್ಲಿ ಆ ಆಯ್ಕೆ ಬರುವುದಿಲ್ಲ. ಅದು ಬೇಕಾದ ಆ್ಯಪ್ ನಿಮ್ಮನ್ನು ಸೆಟ್ಟಿಂಗ್ಸ್ ಪುಟಕ್ಕೇ ಕರೆದೊಯ್ಯಬೇಕು. ಆಟವೋ ವಾಲ್‌ಪೇಪರ್ ಆ್ಯಪ್ಪೋ ನಿಮ್ಮನ್ನು ಹಾಗೆ ಕರೆದೊಯ್ದು "ಇಲ್ಲಿ ಒತ್ತಿ" ಎಂದರೆ, ಹಿಂದೆ ಬನ್ನಿ, ಆ ಆ್ಯಪ್ ತೆಗೆದುಹಾಕಿ.

ಆಂಡ್ರಾಯ್ಡ್ 12ರಿಂದ "Precise", "Approximate" ಎಂಬ ಎರಡು ಚಿತ್ರಗಳೂ ಬರುತ್ತವೆ. ಎರಡನೆಯದನ್ನು ಆರಿಸಿದರೆ ಸುಮಾರು ಮೂರು ಚದರ ಕಿಲೋಮೀಟರ್ ಪ್ರದೇಶದಲ್ಲಿ ಎಲ್ಲೋ ಇದ್ದಾಳೆ ಎಂದಷ್ಟೇ ತಿಳಿಯುತ್ತದೆ. ವಿನೋಬನಗರದ ಆಸುಪಾಸು ಎಂದು ಗೊತ್ತಾದರೆ ಮಳೆಯ ಮುನ್ಸೂಚನೆ ಹೇಳಲು ಹವಾಮಾನದ ಆ್ಯಪ್‌ಗೆ ಧಾರಾಳ ಸಾಕು. ಯಾವ ಹಾಸ್ಟೆಲ್, ಯಾವ ಗೇಟ್ ಎಂದು ತಿಳಿಯಬೇಕಾದದ್ದು ನಕ್ಷೆಗೆ ಮತ್ತು ಆಟೊ ಕರೆಸುವ ಆ್ಯಪ್‌ಗೆ ಮಾತ್ರ.

ಶನಿವಾರ ಮಗಳು ಬಸ್ಸಿನಲ್ಲಿ ಊರಿಗೆ ಬರುತ್ತಾಳೆ. ಎಲ್ಲಿದ್ದಾಳೆಂದು ನೋಡಲು ಯಾವಾಗಲೂ ಲೊಕೇಶನ್ ಆನ್ ಇಡಬೇಕಲ್ಲವೇ?

ಪ್ರಯಾಣಕ್ಕೆ ಪ್ರಯಾಣದಷ್ಟೇ ಹೊತ್ತು ಸಾಕು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಬಸ್ಸು ಹತ್ತಿದಾಗ ಅವಳು ವಾಟ್ಸ್‌ಆ್ಯಪ್‌ನಲ್ಲಿ ಅಮ್ಮನಿಗೆ ಲೈವ್ ಲೊಕೇಶನ್ ಕಳಿಸಲಿ. ಅಲ್ಲಿರುವ ಅವಧಿಗಳು ಮೂರೇ: 15 ನಿಮಿಷ, 1 ಗಂಟೆ, 8 ಗಂಟೆ. ಒಂದು ಗಂಟೆ ಆರಿಸಿದರೆ ದಾರಿಯ ಮಧ್ಯದಲ್ಲೇ ಮುಗಿದುಹೋಗುತ್ತದೆ, ಮನೆಯಲ್ಲಿ ಗಾಬರಿ ಶುರುವಾಗುತ್ತದೆ. ಆದ್ದರಿಂದ 8 ಗಂಟೆ ಆರಿಸಿ, ಇಳಿದ ತಕ್ಷಣ ಅವಳೇ ನಿಲ್ಲಿಸುವುದು ಒಳ್ಳೆಯದು. ಶುರು ಮಾಡುವಾಗ ಹೆಚ್ಚಿನ ಅನುಮತಿ ಕೇಳಿದರೆ ಕೊಡಲಿ. ಮನೆಗೆ ಬಂದ ಮೇಲೆ "While using the app"ಗೆ ಇಳಿಸಲಿ.

ಇನ್ನು ನಕ್ಷೆಯಲ್ಲಿ ಅವಳ ಜಾಗ ತೋರಿಸುವ ಚುಕ್ಕೆಯನ್ನು ಓದುವ ವಿಷಯ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಯ ಕಡೆ ಬಸ್ಸು ಕಾಡಿನ ನಡುವೆ ಸಾಗುವಾಗ ಚುಕ್ಕೆ ಒಂದೇ ಕಡೆ ನಿಂತಿತು ಎಂದುಕೊಳ್ಳಿ. ಬಸ್ಸು ನಿಂತಿದೆ ಎಂದೇ ಅರ್ಥವಲ್ಲ. ಉಪಗ್ರಹದ ಸಂಕೇತಕ್ಕೆ ಮೊಬೈಲ್ ನೆಟ್‌ವರ್ಕ್ ಬೇಡ, ಹಾಗಾಗಿ ಫೋನಿಗೆ ತಾನೆಲ್ಲಿದ್ದೇನೆಂದು ಗೊತ್ತಿರುತ್ತದೆ. ನಿಮಗೆ ತಿಳಿಸಲು ಇಂಟರ್‌ನೆಟ್ ಬೇಕು, ಅದು ಇರುವುದಿಲ್ಲ. ನೀವು ನೋಡುತ್ತಿರುವುದು ನೆಟ್‌ವರ್ಕ್ ಇದ್ದ ಕೊನೆಯ ಜಾಗ. ಚುಕ್ಕೆಗಿಂತ ಮೊದಲು ಅದರ ಜೊತೆ ಬರೆದಿರುವ, ಎಷ್ಟು ಹೊತ್ತಿನ ಹಿಂದಿನ ಮಾಹಿತಿ ಎಂಬ ಸಾಲನ್ನು ಓದಿ. ಬಸ್ಸು ನೆಟ್‌ವರ್ಕ್ ಇರುವ ಊರಿಗೆ ಬಂದೊಡನೆ ಚುಕ್ಕೆ ಒಮ್ಮೆಲೇ ಹಲವು ಕಿಲೋಮೀಟರ್ ಜಿಗಿಯುತ್ತದೆ. ಆಗುಂಬೆ, ಹುಲಿಕಲ್ ಘಾಟಿಗಳಲ್ಲೂ ಇದೇ ಕಥೆ. ಎಷ್ಟೇ ಅನುಮತಿ ಕೊಟ್ಟರೂ ಟವರ್ ಇಲ್ಲದ ಜಾಗದ ಕೊರತೆ ತುಂಬುವುದಿಲ್ಲ. ಮಂಡಗದ್ದೆಯಲ್ಲಿ ಒಂದು ಸಂದೇಶ, ಇಳಿದ ಮೇಲೆ ಒಂದು ಕರೆ ಎಂಬ ಮಾತನ್ನು ಮೊದಲೇ ಆಡಿಟ್ಟುಕೊಳ್ಳಿ.

ರಾತ್ರಿ ಹತ್ತಕ್ಕೆ ಅವಳು ಹಾಸ್ಟೆಲ್‌ನಲ್ಲಿ ಇಲ್ಲವೆಂದು ನಕ್ಷೆ ತೋರಿಸಿತು. ನಂಬಬೇಕೇ?

ಚುಕ್ಕೆಯ ಸುತ್ತ ತಿಳಿ ನೀಲಿ ವೃತ್ತವಿದೆಯೇ ನೋಡಿ. ಫೋನ್ ಆ ವೃತ್ತದೊಳಗೆ ಎಲ್ಲಿ ಬೇಕಾದರೂ ಇರಬಹುದು ಎಂಬುದು ಅದರ ಅರ್ಥ. ಕಾಂಕ್ರೀಟ್ ಕಟ್ಟಡದ ಒಳಗೆ ಉಪಗ್ರಹದ ಸಂಕೇತ ಸರಿಯಾಗಿ ತಲುಪುವುದಿಲ್ಲ. ಆಗ ಫೋನ್ ಸುತ್ತಲಿನ ವೈಫೈ ಮತ್ತು ಟವರ್‌ಗಳನ್ನು ನೋಡಿ ಅಂದಾಜು ಮಾಡುತ್ತದೆ. ಪಟ್ಟಣದಲ್ಲಿ ಆ ಅಂದಾಜು ಒಂದೆರಡು ಬೀದಿ ತಪ್ಪಬಹುದು. ಟವರ್‌ಗಳು ವಿರಳವಾಗಿರುವ ನಮ್ಮ ಹಳ್ಳಿಗಳಲ್ಲಿ ಕಿಲೋಮೀಟರ್‌ಗಟ್ಟಲೆ ತಪ್ಪುತ್ತದೆ. ಹಂಚಿಕೊಂಡ ಆ್ಯಪ್‌ಗೆ "Approximate" ಮಾತ್ರ ಕೊಟ್ಟಿದ್ದರೂ ಹೀಗೆಯೇ ಆಗುತ್ತದೆ. ಬ್ಯಾಟರಿ ಉಳಿಸುವ ಮೋಡ್ ಆನ್ ಆಗಿದ್ದರೆ ಸಂಜೆ ಟ್ಯೂಷನ್‌ನಲ್ಲಿದ್ದ ಜಾಗವೇ ರಾತ್ರಿಯೂ ಕಾಣುತ್ತಿರಬಹುದು. ಚುಕ್ಕೆ ನೋಡಿ ಆರೋಪ ಹೊರಿಸುವ ಮೊದಲು ಕರೆ ಮಾಡಿ. ಇದನ್ನು ನಾನು ಬಹಳ ಕಾಳಜಿಯಿಂದ ಹೇಳುತ್ತಿದ್ದೇನೆ.

ಅಷ್ಟೆಲ್ಲ ಏಕೆ, ಫೋನಿನ ಲೊಕೇಶನ್ ಪೂರ್ತಿ ಆಫ್ ಮಾಡಿಬಿಟ್ಟರೆ?

ಬೇಡ. ಫೋನ್ ಬಸ್ಸಿನಲ್ಲಿ ಬಿಟ್ಟುಹೋದರೆ ಹುಡುಕಲು ಅದು ಬೇಕು, ಮತ್ತು ಕೆಲವು ಹಣ ಪಾವತಿ ಆ್ಯಪ್‌ಗಳು ಲೊಕೇಶನ್ ಇಲ್ಲದೆ ತೆರೆಯುವುದಿಲ್ಲ. ಫೋನಿನದ್ದು ಆನ್ ಇರಲಿ, ಆ್ಯಪ್‌ಗಳನ್ನು ಒಂದೊಂದಾಗಿ ತಡೆಯಿರಿ.

ಮನೆಯಲ್ಲಿ ಸ್ಕೂಟರ್ ಬಗ್ಗೆ ಮಾತಾಡಿದೆವು, ಮರುದಿನ ಸ್ಕೂಟರ್ ಜಾಹೀರಾತು ಬಂತು. ಮೈಕ್ ಕದ್ದು ಕೇಳುತ್ತಿದೆಯೇ?

ಹಾಗೆ ಅನಿಸುವುದು ಸಹಜ, ಆದರೆ ಜಾಹೀರಾತು ಬರಲು ಮೈಕ್ ಬೇಕಿಲ್ಲ. ಮನೆಯ ಒಬ್ಬರು ಸ್ಕೂಟರ್ ಬೆಲೆ ಹುಡುಕಿದ್ದರೆ, ಒಂದೇ ವೈಫೈ ಬಳಸುವ ಇನ್ನೊಬ್ಬರಿಗೂ ಅದು ಕಾಣಬಹುದು. ಶೋರೂಮ್‌ಗೆ ಹೋಗಿಬಂದಿದ್ದು ಲೊಕೇಶನ್‌ನಿಂದಲೇ ತಿಳಿಯಬಹುದು.

ಊಹೆ ಬಿಟ್ಟು ನೋಡಿ ತಿಳಿಯುವ ದಾರಿಯಿದೆ. ಆಂಡ್ರಾಯ್ಡ್ 12 ಅಥವಾ ನಂತರದ ಫೋನಿನಲ್ಲಿ ಯಾವುದೇ ಆ್ಯಪ್ ಮೈಕ್ ಅಥವಾ ಕ್ಯಾಮೆರಾ ಬಳಸಿದಾಗ ಪರದೆಯ ಮೇಲ್ತುದಿಯ ಬಲಮೂಲೆಯಲ್ಲಿ ಹಸಿರು ಗುರುತು ಬರುತ್ತದೆ. ಮೇಲಿನಿಂದ ಎಳೆದು ಅದನ್ನು ಒತ್ತಿದರೆ ಯಾವ ಆ್ಯಪ್ ಎಂದು ಹೆಸರು ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ "Privacy dashboard" ತೆರೆದರೆ ಕಳೆದ 24 ಗಂಟೆಗಳಲ್ಲಿ ಯಾವ ಆ್ಯಪ್ ಎಷ್ಟು ಗಂಟೆಗೆ ಮೈಕ್ ಬಳಸಿತು ಎಂಬ ದಾಖಲೆ ಇರುತ್ತದೆ. ವಾಟ್ಸ್‌ಆ್ಯಪ್ ಎದುರು ಇರುವ ಸಮಯ ನೀವು ಧ್ವನಿ ಸಂದೇಶ ಕಳಿಸಿದ ಸಮಯವೇ ಆಗಿದ್ದರೆ ಚಿಂತೆಯಿಲ್ಲ. ಯಾರೂ ಮುಟ್ಟದ ಹೊತ್ತಿನಲ್ಲಿ ಆಟವೊಂದು ಮೈಕ್ ಬಳಸಿದ್ದರೆ ಅದನ್ನು ಅಳಿಸಿ.

ಮೈಕ್‌ಗಿಂತ ಅಪಾಯದ್ದು ಬೇರೆ ಇದೆ: "Accessibility" ಎಂಬ ಅನುಮತಿ. ಅದು ಸಿಕ್ಕ ಆ್ಯಪ್ ಪರದೆಯ ಮೇಲಿರುವುದನ್ನು ಓದಬಲ್ಲದು, ನಿಮ್ಮ ಪರವಾಗಿ ಗುಂಡಿಗಳನ್ನು ಒತ್ತಬಲ್ಲದು. ಅಂಗವಿಕಲರಿಗೆ ನೆರವಾಗುವ ಆ್ಯಪ್‌ಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಕೊಡಬೇಡಿ.

ಆನ್‌ಲೈನ್ ತರಗತಿಯಲ್ಲಿ ಮಗಳ ಧ್ವನಿಯೇ ಹೋಗುತ್ತಿಲ್ಲ, ಅನುಮತಿಯನ್ನೂ ಕೇಳುತ್ತಿಲ್ಲ. ಫೋನ್ ಹಾಳಾಗಿದೆಯೇ?

ಹೆಚ್ಚಾಗಿ ಇಲ್ಲ. ಒಂದೇ ಅನುಮತಿಯನ್ನು ಎರಡು ಬಾರಿ "Don't allow" ಎಂದರೆ ಈಗಿನ ಆಂಡ್ರಾಯ್ಡ್ ಮತ್ತೆ ಕೇಳಲು ಆ್ಯಪ್‌ಗೆ ಬಿಡುವುದಿಲ್ಲ. ಆ ಆ್ಯಪ್‌ನ ಚಿಹ್ನೆಯನ್ನು ಒತ್ತಿ ಹಿಡಿಯಿರಿ, "App info", ನಂತರ "Permissions", ನಂತರ "Microphone" ಒತ್ತಿ "Allow only while using the app" ಆರಿಸಿ. ಆದರೂ ಹೋಗದಿದ್ದರೆ ಮೇಲಿನಿಂದ ಎಳೆಯುವ ಪಟ್ಟಿಯಲ್ಲಿ "Mic access" ಎಂಬ ಗುಂಡಿ ಆಫ್ ಆಗಿದೆಯೇ ನೋಡಿ. ಅದು ಇಡೀ ಫೋನಿನ ಮೈಕ್‌ ಅನ್ನು ಮುಚ್ಚುತ್ತದೆ.

ಹೊಸ ಫೋನ್ ಕೊಡುವ ದಿನ ಎಲ್ಲವನ್ನೂ ಹೇಗಿಟ್ಟು ಕೊಡಬೇಕು?

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ "Permission manager" ಎಂದು ಟೈಪ್ ಮಾಡಿ. ಕಂಪನಿಯಿಂದ ಕಂಪನಿಗೆ ಮೆನು ಬದಲಾಗುವುದರಿಂದ ಹುಡುಕುವುದೇ ಹತ್ತಿರದ ದಾರಿ. ಅಲ್ಲಿ ಮೊದಲು "Contacts" ಒತ್ತಿ, ಕರೆ ಮಾಡುವ ಆ್ಯಪ್, ಫೋನಿನದೇ ಕಾಂಟ್ಯಾಕ್ಟ್ಸ್ ಮತ್ತು ಸಂದೇಶದ ಆ್ಯಪ್, ವಾಟ್ಸ್‌ಆ್ಯಪ್ ಬಿಟ್ಟು ಅವಳು ಹಾಕಿಕೊಂಡ ಉಳಿದ ಆ್ಯಪ್‌ಗಳನ್ನೆಲ್ಲ "Don't allow"ಗೆ ಇಳಿಸಿ. ಫೋನಿನ ಜೊತೆಗೇ ಬಂದ ವ್ಯವಸ್ಥೆಯ ಆ್ಯಪ್‌ಗಳನ್ನು ಮುಟ್ಟಬೇಡಿ.

ನಂತರ "Location". ನಕ್ಷೆ ಮತ್ತು ಆಟೊ ಆ್ಯಪ್‌ಗೆ ಬಳಸುವಾಗ ಮಾತ್ರ, ನಿಖರವಾಗಿ. ಹವಾಮಾನಕ್ಕೆ ಬಳಸುವಾಗ ಮಾತ್ರ, ಅಂದಾಜು. ಹಣದ ಆ್ಯಪ್‌ಗೆ ಬಳಸುವಾಗ ಮಾತ್ರ. ಕ್ಯಾಮೆರಾಗೆ ಬೇಡ, ಏಕೆಂದರೆ ಫೋಟೊದ ಒಳಗೆ ಹಾಸ್ಟೆಲ್‌ನ ಸ್ಥಳ ದಾಖಲಾಗಿ ಫೋಟೊ ಜೊತೆಗೇ ಬೇರೆಯವರಿಗೆ ಹೋಗಬಹುದು. "Allow all the time" ಕೆಳಗೆ ಫೋನ್ ಹುಡುಕುವ ವ್ಯವಸ್ಥೆ ಮತ್ತು, ನೀವಿಬ್ಬರೂ ಒಪ್ಪಿದ್ದರೆ, ಮನೆಯವರ ಜೊತೆ ಹಂಚಿಕೊಳ್ಳುವ ಒಂದೇ ಒಂದು ಆ್ಯಪ್ ಇರಲಿ.

"Microphone" ಸುಲಭ: ಮಾತಾಡಲು ಬಳಸುವ ಆ್ಯಪ್‌ಗಳಿಗೆ ಬಳಸುವಾಗ ಮಾತ್ರ, ಮಿಕ್ಕವಕ್ಕೆ ಬೇಡ. ಗೊಂದಲವಾದರೆ "Ask every time" ಇಡಿ. ಏನಾದರೂ ಕೆಲಸ ನಿಂತರೆ ಅದು ತಾನಾಗಿಯೇ ಗೊತ್ತಾಗುತ್ತದೆ, ಆಗ ಅದೊಂದನ್ನು ಮಾತ್ರ ಕೊಟ್ಟರಾಯಿತು.

ಐಫೋನ್ ಆಗಿದ್ದರೆ?

ಸೆಟ್ಟಿಂಗ್ಸ್‌ನಲ್ಲಿ "Privacy & Security" ಒಳಗೆ ಇದೇ ಮೂರು ಹೆಸರುಗಳಿವೆ, ಇದೇ ಆಯ್ಕೆಗಳನ್ನು ಇಡಿ. ಮೈಕ್ ಬಳಕೆಗೆ ಅಲ್ಲಿ ಕಿತ್ತಳೆ ಚುಕ್ಕೆ ಬರುತ್ತದೆ. ಐಒಎಸ್ 18ರಿಂದ ಕಾಂಟ್ಯಾಕ್ಟ್ಸ್ ಪೂರ್ತಿ ಕೊಡದೆ, ಆಯ್ದ ಕೆಲವು ಹೆಸರುಗಳನ್ನಷ್ಟೇ ಕೊಡಬಹುದು. ವಾಟ್ಸ್‌ಆ್ಯಪ್‌ಗೂ ಹಾಗೆಯೇ ಕೊಡಿ ಎನ್ನುವುದು ನನ್ನ ಸಲಹೆ.

ಇದನ್ನು ಮತ್ತೆ ಯಾವಾಗ ನೋಡಬೇಕು?

ಕೆಲವು ತಿಂಗಳು ತೆರೆಯದ ಆ್ಯಪ್‌ನಿಂದ ಆಂಡ್ರಾಯ್ಡ್ 11 ಮತ್ತು ನಂತರದ ಫೋನ್‌ಗಳು ತಾವೇ ಅನುಮತಿ ಹಿಂಪಡೆಯುತ್ತವೆ. ದಿನವೂ ಬಳಸುವ ಆ್ಯಪ್‌ಗಳದ್ದು ಹಾಗೆಯೇ ಉಳಿಯುತ್ತದೆ. ಆದ್ದರಿಂದ ದಸರಾ ಮತ್ತು ಬೇಸಿಗೆ ರಜೆಗೆ ಅವಳು ಮನೆಗೆ ಬಂದಾಗ "Permission manager"ನಲ್ಲಿ ಕಾಂಟ್ಯಾಕ್ಟ್ಸ್ ಪುಟವನ್ನು ಮೊದಲು ತೆರೆಯಿರಿ. ಕಳೆದ ಬಾರಿ ಇಲ್ಲದ ಹೆಸರು ಅಲ್ಲಿ ಕಂಡರೆ ಅದೇಕೆ ಬೇಕಾಯಿತು ಎಂದು ಅವಳನ್ನೇ ಕೇಳಿ, ಕಾರಣ ಸರಿಯೆನಿಸದಿದ್ದರೆ ಅವಳ ಕೈಯಿಂದಲೇ ತೆಗೆಸಿ.